ಆಂಬುಲೆನ್ಸ್ ರನ್ ಶೀಟ್

ಆಂಬುಲೆನ್ಸ್ ರನ್ ಶೀಟ್ ಎಂಬುದು ತುರ್ತು ಕರೆ ಬಂದ ಕ್ಷಣದಿಂದ ರೋಗಿಯನ್ನು ಆಸ್ಪತ್ರೆಗೆ ಒಪ್ಪಿಸುವವರೆಗಿನ ಆರೈಕೆಯನ್ನು ವಿವರಿಸುವ ದಾಖಲೆಯಾಗಿದೆ. ಇದಕ್ಕೆ ರೋಗಿ ಆರೈಕೆ ದಾಖಲೆ ಎಂಬ ಹೆಸರೂ ಇದೆ. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯಲ್ಲಿ ವಾಹನದಲ್ಲಿರುವ ತುರ್ತು ವೈದ್ಯಕೀಯ ತಂತ್ರಜ್ಞರು (ಇಎಂಟಿ) ಇಂತಹ ದಾಖಲೆಯನ್ನು ಬರೆಯುತ್ತಾರೆ. ಸ್ಥಳದಲ್ಲಿ ನಮೂನೆ ತುಂಬಲು ಬಿಡುವಿರುವುದಿಲ್ಲ. ಆದ್ದರಿಂದ ಕೈಗವಸಿನ ಮೇಲೆ ಅಥವಾ ಚೀಟಿಯಲ್ಲಿ ಗೀಚಿಕೊಂಡ ಟಿಪ್ಪಣಿಯನ್ನು ಆನಂತರ ದಾಖಲೆಯಾಗಿ ಪರಿವರ್ತಿಸಲಾಗುತ್ತದೆ.

ಒಂದು ಉದಾಹರಣೆ

ಕೆಳಗಿನ ಪ್ರಸಂಗ ಕಾಲ್ಪನಿಕ. ಮನೆಯೊಂದರಲ್ಲಿ ಎಚ್ಚರ ತಪ್ಪಿದ್ದ ಸುಮಾರು 62 ವರ್ಷದ ಪುರುಷನ ಬಗ್ಗೆ ಚೀಟಿಯಲ್ಲಿ ಇಷ್ಟೇ ಇದೆ: "10.43. ಬೆವರು. ಲಕ್ವ? ಜಿಸಿಎಸ್ 9. ನಾಡಿ 112. 150/90. ಶುಗರ್ 38. ಡಿ25 100. ಎದ್ದರು. 126. ಗ್ಲಿಮಿ, ತಿಂಡಿ ಇಲ್ಲ."

ಆಸ್ಪತ್ರೆ ತಲುಪುವ ವೇಳೆಗೆ ಈ ರೋಗಿ ಎಚ್ಚರವಾಗಿ ಮಾತನಾಡುತ್ತಿರುತ್ತಾರೆ. ರಕ್ತದ ಸಕ್ಕರೆಯೂ ಸಹಜವಾಗಿರುತ್ತದೆ. ವೈದ್ಯರು ಕಾಣದ ಸ್ಥಿತಿಗೆ ರನ್ ಶೀಟ್ ಒಂದೇ ಸಾಕ್ಷಿ. ಅದರಲ್ಲಿ 38 ಎಂಬ ಅಂಕಿ ಬಿಟ್ಟುಹೋದರೆ ರೋಗಿಯನ್ನು ಬೇಗನೆ ಮನೆಗೆ ಕಳುಹಿಸುವ ಸಂಭವವಿದೆ. ಗ್ಲಿಮಿಪಿರೈಡ್ ಮಾತ್ರೆಯಿಂದ ಕುಸಿದ ಸಕ್ಕರೆ ಗ್ಲೂಕೋಸ್ ಕೊಟ್ಟು ಕೆಲವು ಗಂಟೆಗಳಾದ ಮೇಲೂ ಮತ್ತೆ ಕುಸಿಯಬಹುದು. ಇಂಥವರನ್ನು ಆಸ್ಪತ್ರೆಯಲ್ಲಿರಿಸಿ ಗಮನಿಸಬೇಕಾಗುತ್ತದೆ.

ಸ್ಥಳದ ವಿವರ

ಮೊದಲು ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಲಾಗುತ್ತದೆ. "ಲಕ್ವ?" ಎಂಬುದು ಊಹೆ. ಕಂಡದ್ದು ಹೀಗಿದೆ: "ಮಂಚದ ಮೇಲೆ ಮಲಗಿದ ಸ್ಥಿತಿ, ಮೈಯೆಲ್ಲ ಬೆವರು, ಬಲಗೈ ಚಲನೆ ಎಡಗೈಗಿಂತ ಕಡಿಮೆ." ಸಕ್ಕರೆ ತೀರ ಕುಸಿದಾಗ ಪಾರ್ಶ್ವವಾಯುವನ್ನೇ ಹೋಲುವ ಲಕ್ಷಣಗಳು ತೋರಬಹುದು. ಹಾಗಾಗಿ ಗ್ಲೂಕೋಸ್ ಕೊಟ್ಟ ಮೇಲೆ ಎರಡೂ ಕೈಗಳು ಸಮನಾಗಿ ಚಲಿಸಿದವೇ ಎಂಬುದನ್ನು ಸಹ ಬರೆಯಬೇಕು. ಮಾತ್ರೆಯ ವಿಷಯ ತಿಳಿಸಿದವರು ಯಾರೆಂಬುದೂ ಮುಖ್ಯ: "ಬೆಳಗ್ಗೆ ಗ್ಲಿಮಿಪಿರೈಡ್ ತೆಗೆದುಕೊಂಡು ತಿಂಡಿ ತಿಂದಿಲ್ಲವೆಂದು ಪತ್ನಿಯ ಹೇಳಿಕೆ." ಮಾತ್ರೆಯ ಪಟ್ಟಿಯನ್ನು ಜೊತೆಗೆ ಒಯ್ದಿದ್ದರೆ ಅದನ್ನೂ ನಮೂದಿಸಲಾಗುತ್ತದೆ.

ಅಂಕಿಗಳು ಮತ್ತು ಸಮಯ

ಸಮಯವಿಲ್ಲದ ಅಂಕಿಗೆ ಬೆಲೆ ಕಡಿಮೆ. 126 ಎಂಬುದು ಡೆಕ್ಸ್ಟ್ರೋಸ್ ಕೊಡುವ ಮೊದಲಿನದೋ ಅನಂತರದ್ದೋ ಎಂದು ಚೀಟಿಯಿಂದ ಊಹಿಸಬಹುದಾದರೂ ದಾಖಲೆಯಲ್ಲಿ ಅದಕ್ಕೆ ಅವಕಾಶವಿರಬಾರದು. ಗ್ಲೂಕೋಮೀಟರಿನ ಸ್ಮೃತಿಯಲ್ಲಿ ಪ್ರತಿ ಅಳತೆಯ ವೇಳೆ ಉಳಿದಿರುವುದುಂಟು. ಆದರೆ ಅದರ ಗಡಿಯಾರ ಹಲವು ಬಾರಿ ತಪ್ಪಾಗಿರುತ್ತದೆ. ಉಪಕರಣ 10.52 ತೋರಿಸಿ, ಕರೆ ಕೇಂದ್ರದ ಗಡಿಯಾರಕ್ಕಿಂತ 6 ನಿಮಿಷ ಮುಂದಿದೆಯೆಂದು ಗೊತ್ತಾದರೆ ನಿಜವಾದ ವೇಳೆ 10.46. ದಾಖಲೆಯುದ್ದಕ್ಕೂ ಒಂದೇ ಗಡಿಯಾರವನ್ನು ಅನುಸರಿಸಲಾಗುತ್ತದೆ.

ಜಿಸಿಎಸ್ ಎಂದರೆ ಎಚ್ಚರದ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಮಾಪಕ. ಅದರ ಮೊತ್ತ 9 ಎಂದಷ್ಟೇ ಬರೆಯದೆ ಕಣ್ಣು 2, ಮಾತು 2, ಚಲನೆ 5 ಎಂದು ಬಿಡಿಸಿ ಬರೆಯುವುದು ಸರಿಯಾದ ಕ್ರಮ. ಬೇರೆ ಬೇರೆ ಸ್ಥಿತಿಗಳೂ ಇದೇ ಮೊತ್ತವನ್ನು ಕೊಡಬಲ್ಲವು. ಚೀಟಿಯಲ್ಲಿ ಉಸಿರಾಟದ ಗತಿ ಇಲ್ಲ. ಇಲ್ಲಿ ಸಾಮಾನ್ಯವಾದ ತಪ್ಪೆಂದರೆ ಖಾಲಿ ಜಾಗದಲ್ಲಿ 18 ಎಂದು ತುಂಬಿಬಿಡುವುದು. ಎಣಿಸದಿದ್ದರೆ "ಎಣಿಸಿಲ್ಲ" ಎಂದೇ ಬರೆಯಬೇಕು. ಪ್ರತಿ ರೋಗಿಯ ಹಾಳೆಯಲ್ಲೂ ಅದೇ 18 ಕಂಡುಬಂದರೆ ಪರಿಶೀಲಿಸುವವರಿಗೆ ಉಳಿದ ಅಂಕಿಗಳ ಮೇಲೂ ಸಂಶಯ ಮೂಡುತ್ತದೆ.

ಚಿಕಿತ್ಸೆ

"ಡಿ25 100" ಎಂಬುದು ವಿಸ್ತಾರಗೊಂಡಾಗ: "ಕರೆ ಕೇಂದ್ರದ ವೈದ್ಯರ ಸಲಹೆಯಂತೆ ಶೇಕಡಾ 25ರ ಡೆಕ್ಸ್ಟ್ರೋಸ್ 100 ಮಿ.ಲೀ., ಅಂದರೆ 25 ಗ್ರಾಂ, ಎಡ ಮುಂಗೈ ಅಭಿಧಮನಿಯ ಮೂಲಕ, 10.52ರಿಂದ 10.58ರವರೆಗೆ. 11.08ಕ್ಕೆ ಸಕ್ಕರೆ 126 ಮಿ.ಗ್ರಾಂ/ಡೆ.ಲೀ., ಜಿಸಿಎಸ್ 15, ಎರಡೂ ಕೈಗಳ ಚಲನೆ ಸಮ." ಸೂಜಿ ಚುಚ್ಚಿದ ಜಾಗವನ್ನು ಹೇಳುವುದಕ್ಕೆ ಕಾರಣವಿದೆ. ಗಾಢವಾದ ಡೆಕ್ಸ್ಟ್ರೋಸ್ ಅಭಿಧಮನಿಯಿಂದ ಹೊರಗೆ ಸೋರಿದರೆ ಅಂಗಾಂಶಕ್ಕೆ ಹಾನಿಯಾಗುತ್ತದೆ. ಅಲ್ಲಿ ಊತ ಬಂದಿದೆಯೇ ಎಂದು ಆಸ್ಪತ್ರೆಯವರು ನೋಡಬೇಕಾಗುತ್ತದೆ.

ಹಸ್ತಾಂತರ

ಆಸ್ಪತ್ರೆ ತಲುಪಿದ ವೇಳೆಯೂ ಹಸ್ತಾಂತರದ ವೇಳೆಯೂ ಒಂದೇ ಅಲ್ಲ. ವಾಹನ 11.31ಕ್ಕೆ ಬಂದು, ಹಾಸಿಗೆ ಸಿಕ್ಕಿ, ವೈದ್ಯರು ವಿವರ ಕೇಳಿ ಸಹಿ ಹಾಕಿದ್ದು 11.46ಕ್ಕೆ ಆದರೆ, ನಡುವಿನ 15 ನಿಮಿಷಗಳಲ್ಲೂ ಇಎಂಟಿ ರೋಗಿಯ ಆರೈಕೆಯನ್ನು ಮುಂದುವರಿಸಿರಬೇಕು. ಆ ಅವಧಿಯಲ್ಲಿ ತೆಗೆದ ನಾಡಿ, ರಕ್ತದೊತ್ತಡ, ಸಕ್ಕರೆಯ ಅಳತೆಗಳೂ ಹಾಳೆಗೆ ಸೇರುತ್ತವೆ. ಸ್ವೀಕರಿಸಿದವರ ಹೆಸರು, ಹುದ್ದೆ, ಸಹಿ ಅಗತ್ಯ.

ಸಹಿಯಾದ ಬಳಿಕ ತಪ್ಪು ಗೊತ್ತಾದರೆ ಅಳಿಸುವಂತಿಲ್ಲ. ಮೂಲ ಬರಹ ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಬದಿಗೆ ಬರೆದು, ತಿದ್ದಿದ ದಿನಾಂಕ, ವೇಳೆ ಮತ್ತು ಕಿರುಸಹಿ ಹಾಕಲಾಗುತ್ತದೆ. ಆಸ್ಪತ್ರೆಗೆ ಕೊಟ್ಟ ಪ್ರತಿಯಲ್ಲಿಯೂ ಅದೇ ತಿದ್ದುಪಡಿ ಆಗಬೇಕು.