ಇಂಗ್ಲಿಷಿನಲ್ಲೂ ಒಂದು ‘ಬೇಕಿತ್ತು’ ಇದೆ

ಬೆಳ್ಳೂರು ಕ್ರಾಸ್‌ನ ಜೆರಾಕ್ಸ್ ಅಂಗಡಿಗಳ ಮುಂದೆ ದಿನವೂ ಕೇಳಿಸುವ ಮಾತು: ‘ಅಣ್ಣಾ, ಎರಡು ಕಾಪಿ ಬೇಕಿತ್ತು.’ ಎಚ್‌ಒಡಿ ಕೊಠಡಿಯ ಬಾಗಿಲಲ್ಲೂ ಅದೇ ಮಾತು: ‘ಸರ್, ಒಂದು ಸೈನ್ ಬೇಕಿತ್ತು.’ ಕಾಪಿ ಬೇಕಿರುವುದು ಈಗ, ಸೈನ್ ಬೇಕಿರುವುದೂ ಈಗ. ಆದರೂ ನಾವು ಭೂತಕಾಲದಲ್ಲಿ ಕೇಳುತ್ತೇವೆ. ‘ಬೇಕು’ ಎಂದರೆ ಪಟ್ಟು ಹಿಡಿದಂತೆ. ‘ಬೇಕಿತ್ತು’ ಎಂದರೆ ‘ಹಾಗಂದುಕೊಂಡು ಬಂದೆ, ಆಮೇಲೆ ನಿಮ್ಮಿಷ್ಟ’ ಎಂದಂತೆ. ಇದನ್ನು ನಮಗೆ ಯಾರೂ ಪಾಠ ಮಾಡಿ ಕಲಿಸಿಲ್ಲ.

ಅದೇ ನಾವು ಇಂಗ್ಲಿಷಿನಲ್ಲಿ ಮೇಲ್ ಬರೆಯಲು ಕೂತಾಗ ಈ ನಯ ಎಲ್ಲಿ ಹೋಗುತ್ತದೆ? ನನ್ನ ಗೆಳೆಯನೊಬ್ಬನ ಇಂಟರ್ನ್‌ಶಿಪ್ ಪತ್ರದ ಕಥೆಯಿಂದ ಇದನ್ನು ವಿವರಿಸುತ್ತೇನೆ.

ಅವನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮುಗಿಸಿದ್ದ. ಮುಗಿಸಿದ ಪತ್ರವನ್ನು ಕಾಲೇಜಿಗೆ ಶುಕ್ರವಾರದೊಳಗೆ ಕೊಡದಿದ್ದರೆ ಅಂಕಗಳಿಗೆ ಕುತ್ತು. ಅಲ್ಲಿನ ಗೈಡ್‌ಗೆ ಎರಡು ಮೇಲ್ ಹಾಕಿದ್ದ, ಉತ್ತರವಿಲ್ಲ. ಅವನು ಬರೆದಿದ್ದು ಹೀಗೆ: ‘ಪ್ಲೀಸ್ ಸೆಂಡ್ ಮೈ ಇಂಟರ್ನ್‌ಶಿಪ್ ಲೆಟರ್ ಬಿಫೋರ್ ಫ್ರೈಡೇ.’ ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ‘ಪ್ಲೀಸ್ ಅಂತ ಹಾಕಿವ್ನಿ ಕಣ್ಲಾ, ಇನ್ನೇನ್ ಬೇಕಂತೆ ಅವ್ರಿಗೆ?’ ಎಂದು ನನ್ನನ್ನೇ ಕೇಳಿದ.

ಅವನ ಮನಸ್ಸಿನಲ್ಲಿ ಇದ್ದದ್ದು ‘ಸರ್, ಲೆಟರ್ ಕಳಿಸಿ’ ಎಂಬ ವಾಕ್ಯ. ಕನ್ನಡದಲ್ಲಿ ಅದು ಸರಿಯಾಗಿಯೇ ಇದೆ. ತಮ್ಮನಿಗೆ ‘ಕಳಿಸು’, ಮೇಷ್ಟ್ರಿಗೆ ‘ಕಳಿಸಿ’. ಕೊನೆಯ ಒಂದು ಸ್ವರದಲ್ಲೇ ಗೌರವ ಕೂತಿದೆ. ಇಂಗ್ಲಿಷಿನ ‘ಸೆಂಡ್’ಗೆ ಅಂಥ ಬಾಲವಿಲ್ಲ. ತಮ್ಮನಿಗೂ ಅದೇ, ಮ್ಯಾನೇಜರ್‌ಗೂ ಅದೇ. ಹಾಗಾಗಿ ನಾವು ‘ಕಳಿಸಿ’ ಎಂದುಕೊಂಡು ‘ಸೆಂಡ್’ ಎಂದು ಟೈಪ್ ಮಾಡಿದಾಗ ಗೌರವ ನಮ್ಮ ತಲೆಯಲ್ಲೇ ಉಳಿಯುತ್ತದೆ, ಮೇಲ್ ಒಳಗೆ ಹೋಗುವುದಿಲ್ಲ. ‘ಪ್ಲೀಸ್’ ಅಥವಾ ‘ಕೈಂಡ್ಲಿ’ ಸೇರಿಸಿದರೆ ಮಾತು ಸ್ವಲ್ಪ ಮೆದುವಾಗುತ್ತದೆ, ನಿಜ. ಆದರೆ ವಾಕ್ಯ ಮಾತ್ರ ಆಜ್ಞೆಯಾಗಿಯೇ ಇರುತ್ತದೆ. ಅರ್ಜಿ ಫಾರಂಗಳಲ್ಲಿರುವ ‘ಪ್ಲೀಸ್ ಸೈನ್ ಹಿಯರ್’ ಯಾರನ್ನೂ ಬೇಡಿಕೊಳ್ಳುವುದಿಲ್ಲ.

ಇಂಗ್ಲಿಷಿನಲ್ಲಿ ಗೌರವ ಕ್ರಿಯಾಪದದ ತುದಿಯಲ್ಲಲ್ಲ, ಇಡೀ ವಾಕ್ಯದ ಕಟ್ಟಿನಲ್ಲಿದೆ. ಎದುರಿನವರಿಗೆ ‘ಆಗಲ್ಲ’ ಎನ್ನಲು ಎಷ್ಟು ಜಾಗ ಬಿಟ್ಟಿದ್ದೀರಿ ಎಂಬುದೇ ಅಲ್ಲಿನ ವಿನಯ. ಗೆಳೆಯನೂ ನಾನೂ ಸೇರಿ ಮೂರನೇ ಮೇಲನ್ನು ಹೀಗೆ ಬರೆದೆವು: ‘ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಸೆಂಡ್ ಮೈ ಇಂಟರ್ನ್‌ಶಿಪ್ ಲೆಟರ್ ಬೈ ಥರ್ಸ್‌ಡೇ. ದಿ ಕಾಲೇಜ್ ಈಸ್ ಕಲೆಕ್ಟಿಂಗ್ ದೆಮ್ ಆನ್ ಫ್ರೈಡೇ.’

ಇದನ್ನು ಬಿಡಿಸಿ ನೋಡಿ. ‘ವಾಸ್’ ನಮ್ಮ ‘ಬೇಕಿತ್ತು’ವಿನ ಹಾಗೆ ಭೂತಕಾಲ. ‘ವಂಡರಿಂಗ್’ ಎಂದರೆ ಯೋಚನೆಯಷ್ಟೇ, ಹಟವಲ್ಲ. ‘ಇಫ್’ನಲ್ಲಿ ಆಗದೆಯೂ ಇರಬಹುದು ಎಂಬ ಒಪ್ಪಿಗೆ ಇದೆ. ‘ಕ್ಯಾನ್’ ಬದಲು ಬಂದ ‘ಕುಡ್’ ಮತ್ತೊಂದು ಹೆಜ್ಜೆ ಹಿಂದೆ ಸರಿಯುತ್ತದೆ. ಎಲ್ಲಾ ಸೇರಿದರೆ ‘ಗುರುವಾರದೊಳಗೆ ಕಳಿಸಕ್ಕಾಗುತ್ತಾ ಅಂತ ಕೇಳೋಣ ಅಂತಿದ್ದೆ’ ಎಂಬ ನಮ್ಮದೇ ಮಾತು! ಗಡುವು ಮಾಯವಾಗಿಲ್ಲ ಎಂಬುದನ್ನೂ ಗಮನಿಸಿ. ಶುಕ್ರವಾರ ಎಂಬುದು ಆಜ್ಞೆಯಿಂದ ಹೊರಬಂದು, ಎರಡನೇ ವಾಕ್ಯದಲ್ಲಿ ಕಾರಣವಾಗಿ ನಿಂತಿದೆ.

ಇಲ್ಲಿ ಹಲವರು ಎಡವುವ ಜಾಗ ಎರಡು. ‘ಇಫ್’ ಆದಮೇಲೆ ‘ಯು ಕುಡ್’ ಬರಬೇಕು, ‘ಕುಡ್ ಯು’ ಅಲ್ಲ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೇಡ. ಕೇಳುತ್ತಿರುವುದು ಪ್ರಶ್ನೆಯನ್ನೇ ಆದರೂ ವಾಕ್ಯ ಹೇಳಿಕೆ. ಪೂರ್ಣವಿರಾಮ ಸಾಕು.

ಮರುದಿನ ಗೈಡ್ ಉತ್ತರಿಸಿದರು. ಮಾತು ಬದಲಿಸಿದ್ದರಿಂದಲೇ ಉತ್ತರ ಬಂತು ಎಂದು ನಾನು ಹೇಳಲಾರೆ, ಮೂರನೇ ಮೇಲ್ ಅವರ ಕಣ್ಣಿಗೆ ಬಿದ್ದಿರಲೂಬಹುದು. ಆದರೆ ಆ ಉತ್ತರದಲ್ಲೇ ಮುಂದಿನ ಪಾಠವಿತ್ತು: ‘ವುಡ್ ಯು ಮೈಂಡ್ ಸೆಂಡಿಂಗ್ ಮಿ ಯುವರ್ ಜಾಯಿನಿಂಗ್ ಡೇಟ್?’ ಗೆಳೆಯ ‘ಯೆಸ್ ಸರ್’ ಎಂದು ಟೈಪ್ ಮಾಡಿಯೇಬಿಟ್ಟಿದ್ದ. ಕಳಿಸುವುದೊಂದು ಬಾಕಿ.

‘ವುಡ್ ಯು ಮೈಂಡ್’ ಕೇಳುವುದು ‘ಮಾಡ್ತೀರಾ?’ ಎಂದಲ್ಲ, ‘ಮಾಡೋದಕ್ಕೆ ನಿಮಗೇನಾದರೂ ಬೇಜಾರಾ?’ ಎಂದು. ಅದಕ್ಕೆ ಒಪ್ಪಿಗೆಯ ಉತ್ತರ ‘ನೋ, ನಾಟ್ ಅಟ್ ಆಲ್’. ಬರೀ ‘ಯೆಸ್’ ಎಂದರೆ ಅಕ್ಷರಾರ್ಥದಲ್ಲಿ ‘ಹೌದು, ಬೇಜಾರು’ ಎಂದಾಗುತ್ತದೆ. ಮಾತಿನಲ್ಲಾದರೆ ನಗುಮುಖ ಕಾಪಾಡುತ್ತದೆ. ಬರಹದಲ್ಲಿ ಆ ರಕ್ಷಣೆ ಇಲ್ಲ. ಗೊಂದಲ ಬೇಡವೆಂದರೆ ಯೆಸ್, ನೋ ಎರಡನ್ನೂ ಬಿಟ್ಟು ‘ಶೂರ್’ ಎಂದು ಬರೆದು, ಕೇಳಿದ ದಿನಾಂಕವನ್ನು ಕೊಟ್ಟುಬಿಡಿ. ಗೆಳೆಯನೂ ಹಾಗೇ ಮಾಡಿದ. ಇದೇ ಪ್ರಯೋಗವನ್ನು ನೀವು ಬರೆಯುವುದಾದರೆ ಮುಂದಿನ ಕ್ರಿಯಾಪದ ‘ಸೆಂಡಿಂಗ್’, ‘ಚೆಕಿಂಗ್’ ರೂಪದಲ್ಲಿರಲಿ. ‘ವುಡ್ ಯು ಮೈಂಡ್ ಟು ಸೆಂಡ್’ ತಪ್ಪು.

ಇನ್ನೊಂದು ಸೂಕ್ಷ್ಮ ಇದೆ. ಈ ಮಾತು ಮೇಲಿನಿಂದ ಕೆಳಗೆ ಬಂದಾಗ ಅದು ಸಾಮಾನ್ಯವಾಗಿ ಆಜ್ಞೆಯೇ. ಟೀಮ್ ಲೀಡ್ ‘ವುಡ್ ಯು ಮೈಂಡ್ ಫಿನಿಶಿಂಗ್ ದಿಸ್ ಟುಡೇ?’ ಎಂದರೆ ನಿಮ್ಮ ಮನಸ್ಸಿನ ಬೇಜಾರನ್ನು ವಿಚಾರಿಸುತ್ತಿಲ್ಲ, ಕೆಲಸ ಇವತ್ತೇ ಮುಗಿಯಬೇಕು ಎನ್ನುತ್ತಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ‘ಇಷ್ಟ ಇದ್ದರೆ ಮಾಡು’ ಎಂದು ಓದಿಕೊಂಡರೆ ಸಂಜೆ ಪೇಚಾಟ ಖಂಡಿತ.

ಹಾಗಾದರೆ ಎಷ್ಟು ಮೆದುವಾಗಬೇಕು? ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಎಂಬ ಭಾಷಾ ವಿದ್ವಾಂಸರು ವಿನಯದ ಮಾತಿನ ಬಗ್ಗೆ 1978ರಲ್ಲಿ ಒಂದು ಪ್ರಸಿದ್ಧ ಅಧ್ಯಯನ ಪ್ರಕಟಿಸಿದರು. ಇಂಗ್ಲಿಷಿನ ಜತೆಗೆ ಮೆಕ್ಸಿಕೊದ ಒಂದು ಮಾಯನ್ ಭಾಷೆಯನ್ನೂ ನಮ್ಮ ಪಕ್ಕದ ತಮಿಳನ್ನೂ ಅವರು ಹೋಲಿಸಿದ್ದರು. ಅವರ ಪ್ರಕಾರ ನೋಡಬೇಕಾದದ್ದು ಮೂರು: ಎದುರಿನವರು ನಮಗೆಷ್ಟು ದೂರ, ಅವರ ಕೈಯಲ್ಲಿ ಎಷ್ಟು ಅಧಿಕಾರ, ನಾವು ಕೇಳುತ್ತಿರುವುದು ಎಷ್ಟು ದೊಡ್ಡ ಹೊರೆ. ಮೂರೂ ಹೆಚ್ಚಿದ್ದರೆ ‘ಐ ವಾಸ್ ವಂಡರಿಂಗ್’ ಒಪ್ಪುತ್ತದೆ. ಪ್ರಾಜೆಕ್ಟ್ ಜತೆಗಾರನಿಗೆ ಒಂದು ಫೈಲ್ ಕೇಳಲು ‘ಕ್ಯಾನ್ ಯು ಸೆಂಡ್’ ಸಾಕು. ಅವನಿಗೂ ‘ವಂಡರಿಂಗ್’ ಎಂದು ಶುರುಮಾಡಿದರೆ ಕೊಂಕು ಎಂದುಕೊಂಡಾನು.

ಮೆದುವಾಗಲೇಬಾರದ ಜಾಗವೂ ಉಂಟು. ಪ್ಯಾನಲ್ ತೆರೆಯುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ ಎಂದು ಬರೆಯುವಾಗ ‘ಸ್ವಿಚ್ ಆಫ್’ ಎಂದೇ ಬರೆಯಬೇಕು. ಅಲ್ಲಿ ‘ಆಗಲ್ಲ’ ಎನ್ನಲು ಜಾಗ ಬಿಟ್ಟರೆ ಹೋಗುವುದು ಜೀವ.

ಕಳಿಸುವ ಗುಂಡಿ ಒತ್ತುವ ಮುನ್ನ ನಾನು ಮಾಡುವುದಿಷ್ಟೆ. ಇದೇ ವಿಷಯವನ್ನು ಇದೇ ವ್ಯಕ್ತಿಗೆ ಕನ್ನಡದಲ್ಲಿ ಹೇಳುವುದಾದರೆ ‘ಕಳಿಸು’ ಎನ್ನುತ್ತಿದ್ದೆನೇ, ‘ಕಳಿಸ್ತೀರಾ’ ಎನ್ನುತ್ತಿದ್ದೆನೇ, ‘ಕೇಳೋಣ ಅಂತಿದ್ದೆ’ ಎನ್ನುತ್ತಿದ್ದೆನೇ ಎಂದು ನೋಡಿಕೊಳ್ಳುತ್ತೇನೆ. ಮೊದಲನೆಯದಕ್ಕೆ ‘ಪ್ಲೀಸ್ ಸೆಂಡ್’, ಎರಡನೆಯದಕ್ಕೆ ‘ಕುಡ್ ಯು’, ಮೂರನೆಯದಕ್ಕೆ ‘ಐ ವಾಸ್ ವಂಡರಿಂಗ್’.