ಉರುಳಿಯ ನೀರು ತಿಳಿಯಾಗಿರಲಿ

ಕೇರಳದ ಅಡುಗೆಮನೆಗಳಲ್ಲಿ ಪಾಯಸ ಕುದಿಸಲು, ವೈದ್ಯರ ಮನೆಗಳಲ್ಲಿ ಲೇಹ್ಯ ಕಾಯಿಸಲು ಬಳಸುತ್ತಿದ್ದ ಅಗಲ ಬಾಯಿಯ ಕಂಚಿನ ಪಾತ್ರೆ ಉರುಳಿ. ವಿಷು ಹಬ್ಬದ ಮುಂಜಾನೆ ಕಣಿ ಜೋಡಿಸುವುದೂ ಇದರಲ್ಲೇ. ಆಲಪ್ಪುಳ ಜಿಲ್ಲೆಯ ಮಾನ್ನಾರ್ ಕಂಚಿನ ಎರಕಕ್ಕೆ ಹೆಸರಾದ ಊರು. ಈಗ ಅದೇ ಪಾತ್ರೆ ಬೆಂಗಳೂರು, ಮೈಸೂರಿನ ಫ್ಲ್ಯಾಟುಗಳ ನಡುಮನೆಗೆ ಬಂದು, ನೀರು ತುಂಬಿಕೊಂಡು ಹೂ ತೇಲಿಸುತ್ತಿದೆ.

ಕಣ್ಣಿಗೆ ತಂಪೆನಿಸುವುದು ಹೂವಿಗಿಂತ ಹೆಚ್ಚಾಗಿ ಅಲುಗದೆ ನಿಂತ ನೀರು. ಹಾಗಾಗಿ ಹೂಗಳನ್ನು ಇಡುಕಿ ತುಂಬಿದ ಉರುಳಿ ನನಗೆ ಹೂವಿನಂಗಡಿಯ ತಟ್ಟೆಯ ಹಾಗೆ ಕಾಣುತ್ತದೆ. ಅರ್ಧದಷ್ಟಾದರೂ ನೀರು ಕಾಣಬೇಕು. 14 ಇಂಚಿನ ಉರುಳಿಯನ್ನೇ ತೆಗೆದುಕೊಳ್ಳಿ. ಅದಕ್ಕೆ ಸುಮಾರು ಐದು ಲೀಟರ್ ನೀರು, ಹತ್ತು ಹನ್ನೆರಡು ಸೇವಂತಿಗೆ ಸಾಕು. ನೀರು ಅಂಚಿಗಿಂತ ಎರಡು ಬೆರಳಷ್ಟು ಮಾತ್ರ ಕೆಳಗಿರಲಿ. ಅದಕ್ಕಿಂತ ತಗ್ಗಿದರೆ ಹೂಗಳು ಅಂಚಿನ ನೆರಳಿನಲ್ಲಿ ಮುಳುಗಿದಂತೆ ಕಾಣುತ್ತವೆ. ತೊಟ್ಟನ್ನು ಹೂವಿನ ಬುಡಕ್ಕೆ ಹತ್ತಿರ ಕತ್ತರಿಸಿ, ಒಂದೊಂದನ್ನೇ ಕೈಯಿಂದ ನೀರಿನ ಮೇಲೆ ಇಡಬೇಕು. ಮೇಲಿನಿಂದ ಹಾಕಿದರೆ ಎಸಳಿನ ನಡುವೆ ನೀರು ಹೊಕ್ಕು, ಹೂ ಭಾರವಾಗಿ ವಾಲುತ್ತದೆ, ಬೇಗ ಕೊಳೆಯುತ್ತದೆ.

ಸೇವಂತಿಗೆ ಮೂರು ದಿನವಾದರೂ ತಾಳುತ್ತದೆ. ದಾಸವಾಳದ ಆಯುಸ್ಸು ಒಂದೇ ದಿನ. ಬಿಡಿಸಿದ ಗುಲಾಬಿ ಎಸಳು ಸಂಜೆ ಅತಿಥಿಗಳು ಬರುವಾಗ ಚೆನ್ನ, ಮರುದಿನ ಅಂಚು ಕಂದಿ ಮೆತ್ತಗಾಗುತ್ತದೆ. ಚೆಂಡುಹೂವಿನ ಬಣ್ಣವೇನೋ ಗಟ್ಟಿ, ಆದರೆ ಹಳತಾದರೆ ನೀರು ನಾರುತ್ತದೆ. ಪರಿಮಳ ಬೇಕೆನ್ನುವವರು ನಾಲ್ಕಾರು ಸುಗಂಧರಾಜದ ಬಿಡಿ ಹೂ ಸೇರಿಸಬಹುದು. ಜಾರುವ ಎಸಳು, ಕಲಕಿದ ನೀರು ಕಂಡ ದಿನವೇ ಎಲ್ಲವನ್ನೂ ಚೆಲ್ಲಬೇಕು; ಹಳೆಯ ನೀರಿಗೆ ಹೊಸ ಹೂ ಹಾಕಿದರೆ ಅವೂ ಬೇಗ ಕೆಡುತ್ತವೆ.

ನೀರು ಕೆಡದಿದ್ದರೂ ಹಾಗೇ ಬಿಡುವಂತಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದು ಇಂಥದೇ ತಿಳಿಯಾದ ನಿಂತ ನೀರು. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ಸೋಮವಾರ, ಶುಕ್ರವಾರ ಎಂದು ವಾರಕ್ಕೆ ಎರಡು ದಿನ ಗೊತ್ತುಮಾಡಿಕೊಂಡು ನೀರು ಬದಲಿಸುವುದು ಒಳ್ಳೆಯದು. ಹಲವರು ಮರೆಯುವ ಸಂಗತಿ ಇನ್ನೊಂದಿದೆ. ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಮೈಗೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಹಾಗಾಗಿ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ಸುತ್ತಲೂ ಉಜ್ಜಿ ತೊಳೆಯಬೇಕು. ಅನುಮಾನವಿದ್ದರೆ ಹೂ ಸರಿಸಿ ಟಾರ್ಚ್ ಬಿಟ್ಟು ನೋಡಿ: ಮರಿಗಳಿದ್ದರೆ ಬಳುಕುತ್ತ ತಳಕ್ಕೆ ಇಳಿಯುತ್ತವೆ. ಆ ನೀರನ್ನು ಬಿಸಿಲಿನ ಒಣನೆಲಕ್ಕೆ ಚೆಲ್ಲಿ.

ತುಂಬಿದ ಉರುಳಿಯನ್ನು ಎತ್ತಲು ಹೋಗಬೇಡಿ. ಚೊಂಬಿನಿಂದ ನೀರು ತೋಡಿ ಹಗುರ ಮಾಡಿಕೊಂಡು ಸಿಂಕಿಗೆ ಒಯ್ಯಿರಿ. ಬೋರ್‌ವೆಲ್ ನೀರಾದರೆ ಅಂಚಿನ ಸುತ್ತ ಬಿಳಿ ಗೆರೆ ಕಟ್ಟುತ್ತದೆ. ಹುಣಸೆಹಣ್ಣಿನಿಂದ ಉಜ್ಜಿ ಕೂಡಲೇ ತೊಳೆದು ಒರೆಸಿದರೆ ಅದು ಹೋಗುತ್ತದೆ. ಹುಳಿಯನ್ನು ಹಾಗೇ ಬಿಟ್ಟರೆ ಲೋಹದಲ್ಲಿ ಕಲೆ ಉಳಿಯುತ್ತದೆ. ಆದರೆ ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಹಿತ್ತಾಳೆ ಉರುಳಿಗಳಿಗೆ ಹೊಳಪಿನ ಲೇಪ ಬಳಿದಿರುತ್ತಾರೆ. ತಿಂಗಳಾದರೂ ಮೈ ಒಂದಿಷ್ಟೂ ಮಂಕಾಗದಿದ್ದರೆ ಲೇಪವಿದೆ ಎಂದೇ ತಿಳಿಯಬಹುದು. ಅಂಥದ್ದಕ್ಕೆ ಹುಣಸೆ, ನಾರು ಎರಡೂ ಬೇಡ. ಮೆತ್ತನೆ ಬಟ್ಟೆ, ಸೋಪಿನ ನೀರು ಸಾಕು. ಇಲ್ಲದಿದ್ದರೆ ಲೇಪ ಅಲ್ಲಲ್ಲಿ ಎದ್ದು ಮೈಯೆಲ್ಲ ಕಪ್ಪು ಮಚ್ಚೆಯಾಗುತ್ತದೆ.

ಜಾಗವನ್ನು ಆರಿಸುವಾಗ ನೀವು ಕೂರುವ ಕುರ್ಚಿಯಿಂದ ನೋಡಿ. ನೀರಿನ ಮೈ ಕಣ್ಣಿಗಿಂತ ಚೆನ್ನಾಗಿ ಕೆಳಗಿದ್ದರೆ ಮಾತ್ರ ಹೂ, ಕಿಟಕಿಯ ಬೆಳಕಿನ ಬಿಂಬ ಎರಡೂ ಕಾಣುತ್ತವೆ. ಮೊಣಕಾಲೆತ್ತರದ ಮಣೆ ಹೊಂದುತ್ತದೆ. ನೇರ ಫ್ಯಾನಿನ ಕೆಳಗಿಟ್ಟರೆ ಹೂಗಳೆಲ್ಲ ಒಂದೇ ಬದಿಗೆ ಸೇರಿಕೊಳ್ಳುತ್ತವೆ. ಅಂಬೆಗಾಲಿಡುವ, ಈಗಷ್ಟೇ ನಡೆಯುವ ಮಗುವಿರುವ ಮನೆಯಲ್ಲಿ ಮಾತ್ರ ಉರುಳಿಗೆ ನೀರು ತುಂಬಲೇಬೇಡಿ. ಗೇಣುದ್ದವೂ ಇಲ್ಲದ ನೀರಿನಲ್ಲಿ ಮುಖವಡಿ ಬಿದ್ದ ಮಗು ಸದ್ದಿಲ್ಲದೆ ಮುಳುಗಿಬಿಡಬಹುದು.

ಹರಿಯುವ ಸದ್ದು ಬೇಕೆನ್ನುವವರಿಗೆ ಮೇಜಿನ ಮೇಲಿನ ಪುಟ್ಟ ಕಾರಂಜಿ ಇದೆ. ನೀರು ಸದಾ ಚಲಿಸುತ್ತಿದ್ದರೆ ಸೊಳ್ಳೆಗೆ ಅಷ್ಟು ಒಗ್ಗದು. ಆದರೆ ಪಂಪು ಪೂರ್ತಿ ಮುಳುಗಿರಬೇಕು. ನೀರು ಆರಿ ಕಡಿಮೆಯಾದರೆ ಜುಳುಜುಳು ಸದ್ದು ಹೋಗಿ ಗೊರಗೊರ ಶುರುವಾಗುತ್ತದೆ. ಹಾಗೇ ಓಡಿಸಿದರೆ ಪಂಪು ಸುಟ್ಟೀತು. ಊರಿಗೆ ಹೋಗುವಾಗ ಸ್ವಿಚ್ ಆರಿಸಿದರೆ ಅದೂ ನಿಂತ ನೀರೇ. ಆಗ ಬುಟ್ಟಲು, ಕಲ್ಲು, ಪಂಪು ಎಲ್ಲವನ್ನೂ ಬರಿದು ಮಾಡಿ ಒಣಗಿಸಿಟ್ಟೇ ಬಾಗಿಲು ಹಾಕಬೇಕು.