ಅಜ್ಜಿ ಸಿನಿಮಾಕ್ಕೆ ಹೋಗುತ್ತಾಳಂತೆ

ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬಳೇ ಏನು ಮಾಡುತ್ತಿದ್ದಾಳೆ ಎಂದು ಪರ ಊರಿನಲ್ಲಿರುವ ಅಣ್ಣ ಪತ್ರ ಬರೆದು ಕೇಳುತ್ತಾನೆ. ಅದೇ ಊರಿನಲ್ಲಿರುವ ತಮ್ಮ ಮುನಿಸಿನಿಂದ ಚುಟುಕಾಗಿ ಉತ್ತರಿಸುತ್ತಾನೆ: ಅವಳು ಸಿನಿಮಾಕ್ಕೆ ಹೋಗುತ್ತಾಳೆ. ಎಪ್ಪತ್ತೆರಡು ದಾಟಿದ ವಿಧವೆ, ಏಳು ಮಕ್ಕಳನ್ನು ಹೆತ್ತು ಐವರನ್ನು ಉಳಿಸಿಕೊಂಡ ತಾಯಿ, ಜೀವಮಾನವೆಲ್ಲ ಹತ್ತಾರು ಜನರಿಗೆ ಬೇಯಿಸಿ ಹಾಕಿ ಮಿಕ್ಕಿದ್ದನ್ನು ಉಂಡವಳು. ಅಂಥವಳ ಬಗ್ಗೆ ಮಗ ಹೀಗೆ ಬರೆಯಬೇಕಾಗಿ ಬಂದದ್ದೇ ಆ ಮನೆತನದ ಪಾಲಿಗೆ ದೊಡ್ಡ ಆಘಾತ.

ಇದು ಜರ್ಮನ್ ಲೇಖಕ ಬರ್ಟೋಲ್ಟ್ ಬ್ರೆಕ್ಟ್ 1939ರಲ್ಲಿ ಬರೆದ ಸಣ್ಣಕತೆ. ಕನ್ನಡಿಗರಿಗೆ ಬ್ರೆಕ್ಟ್ ಪರಿಚಯವಾದದ್ದು ರಂಗಭೂಮಿಯ ಮೂಲಕ. ಅವನ ನಾಟಕಗಳು ಕನ್ನಡಕ್ಕೆ ಬಂದು ಇಲ್ಲಿನ ರಂಗದ ಮೇಲೆ ಆಡಿವೆ, ಆದರೆ ಅವನು ಒಳ್ಳೆಯ ಕತೆಗಾರನೂ ಹೌದೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ದೇಶ ಬಿಟ್ಟಿದ್ದ ಬ್ರೆಕ್ಟ್, ಪರದೇಶದಲ್ಲಿ ಅಲೆಯುತ್ತಿದ್ದ ಕಾಲದಲ್ಲಿ ತನ್ನ ಅಪ್ಪನ ಕಡೆಯ ಊರನ್ನು ನೆನೆದು ಈ ಕತೆ ಬರೆದ. ಅವನ ಅಜ್ಜ ಬಾಡೆನ್ ಸೀಮೆಯ ಆಖೆರ್ನ್ ಎಂಬ ಪುಟ್ಟ ಊರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ನಡೆಸುತ್ತಿದ್ದ. ಕತೆಯ ಅಜ್ಜನೂ ಬಾಡೆನ್‌ನ ಒಂದು ಸಣ್ಣ ಊರಿನಲ್ಲಿ ಅದೇ ಕಸುಬು ಮಾಡುತ್ತಾನೆ. ಅಜ್ಜಿಯನ್ನು ಊರವರು ಕರೆಯುವ ಹೆಸರು ‘ಶ್ರೀಮತಿ ಬಿ.’ ಇಷ್ಟು ಹೋಲಿಕೆಯಿದ್ದರೂ ಇದು ಜೀವನಚರಿತ್ರೆಯಲ್ಲ, ಕಟ್ಟಿದ ಕತೆ.

1949ರ ಹೊತ್ತಿಗೆ ಇದು ‘ಕ್ಯಾಲೆಂಡರ್ ಕತೆಗಳು’ ಎಂಬ ಅರ್ಥದ ಶೀರ್ಷಿಕೆಯ ಸಂಕಲನದಲ್ಲಿ ಸೇರಿತು. ಆ ಹೆಸರಿಗೂ ಹಿನ್ನೆಲೆಯಿದೆ. ಜರ್ಮನ್ ರೈತರ ಮನೆಗಳಲ್ಲಿ ಗೋಡೆಗೆ ತೂಗುಹಾಕುತ್ತಿದ್ದ ಪಂಚಾಂಗಗಳಲ್ಲಿ ತಿಥಿ, ಹಬ್ಬ, ಸಂತೆಯ ದಿನಗಳ ಜೊತೆಗೆ ಎಲ್ಲರಿಗೂ ತಿಳಿಯುವಂಥ ಪುಟ್ಟ ನೀತಿಕತೆಗಳೂ ಇರುತ್ತಿದ್ದವು. ಬಾಡೆನ್ ಸೀಮೆಯವನೇ ಆದ ಯೋಹಾನ್ ಪೀಟರ್ ಹೆಬೆಲ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಬಗೆಗೆ ಹೆಸರು ತಂದುಕೊಟ್ಟಿದ್ದ. ಬ್ರೆಕ್ಟ್ ಅದೇ ಸರಳ ಧಾಟಿಯನ್ನು ಹಿಡಿದು, ಮನೆಯ ಹಿರಿಯಳು ಹೇಗಿರಬೇಕೆಂಬ ರೂಢಿಯ ನೀತಿಯನ್ನೇ ತಿರುಗಿಸಿ ನೋಡಿದ.

ಶೀರ್ಷಿಕೆಯಲ್ಲೇ ಮನೆಯವರ ತೀರ್ಪು ಇದೆ. ಅದನ್ನು ಕನ್ನಡಕ್ಕೆ ತಂದರೆ ‘ಮರ್ಯಾದೆಗೆಟ್ಟ ಮುದುಕಿ’ ಎನ್ನಬಹುದು, ತುಸು ಮೆದುವಾಗಿ ‘ಘನತೆಗೆ ತಕ್ಕಂತೆ ನಡೆಯದ ಮುದುಕಿ’ ಎಂದೂ ಹೇಳಬಹುದು. ಈ ಮಾತು ಕತೆ ಹೇಳುವ ಮೊಮ್ಮಗನದಲ್ಲ. ಅದು ಅವನ ಚಿಕ್ಕಪ್ಪನ ಪತ್ರಗಳಿಂದ ಎತ್ತಿಕೊಂಡ ಮಾತು.

ಇಡೀ ಕತೆಯ ಜಾಣ್ಮೆ ಇರುವುದು ಈ ಪತ್ರಗಳಲ್ಲೇ. ಅಜ್ಜಿ ಎಲ್ಲೂ ತನ್ನ ಕತೆ ತಾನು ಹೇಳಿಕೊಳ್ಳುವುದಿಲ್ಲ. ಆಡುವ ಮಾತೇ ಬೆರಳೆಣಿಕೆಯಷ್ಟು. ಅವಳ ಬಗ್ಗೆ ನಮಗೆ ತಿಳಿಯುವ ಬಹುಪಾಲು ಸಂಗತಿ ಅವಳ ಮೇಲೆ ದೂರು ಹೇಳುವವನ ಬಾಯಿಂದ ಬರುತ್ತದೆ. ಚಿಕ್ಕಪ್ಪ ದೂರನ್ನು ಒಂದೊಂದಾಗಿ ಪೋಣಿಸುತ್ತ ಹೋದಂತೆ, ಓದುಗನ ಕಣ್ಣಿಗೆ ಮಾತ್ರ ಒಬ್ಬ ಹೆಂಗಸು ದಿನದಿನಕ್ಕೆ ಹಗುರಾಗುತ್ತಿರುವುದು ಕಾಣುತ್ತದೆ.

ಮೊದಲ ದೂರು ಮನೆಯದು. ಐವರು ಮಕ್ಕಳಲ್ಲಿ ಇಬ್ಬರು ಹೆಣ್ಣುಮಕ್ಕಳು ಅಮೆರಿಕ ಸೇರಿದ್ದಾರೆ, ಇಬ್ಬರು ಗಂಡುಮಕ್ಕಳು ಬೇರೆ ಊರುಗಳಲ್ಲಿದ್ದಾರೆ. ಊರಿನಲ್ಲಿ ಉಳಿದವನು ಕಿರಿಯ ಮಗನೊಬ್ಬನೇ. ಮುದ್ರಣದ ಕೆಲಸ, ಸದಾ ನರಳುವ ದೇಹ, ಮೂರು ಕೋಣೆಯ ಮನೆಯಲ್ಲಿ ನಾಲ್ಕು ಮಕ್ಕಳು. ಅಪ್ಪ ಸತ್ತ ಮೇಲೆ ತಾಯಿಯ ದೊಡ್ಡ ಮನೆಗೆ ಸಂಸಾರ ಸಮೇತ ಹೋಗಿಬಿಡಬಹುದು ಎಂದು ಅವನು ಲೆಕ್ಕ ಹಾಕಿದ್ದ. ಅಜ್ಜಿ ಒಪ್ಪಲಿಲ್ಲ. ಯಾವ ಮಗನ ಮನೆಗೂ ತಾನು ಹೋಗಲಿಲ್ಲ. ಶಕ್ತಿಯಿರುವ ಮಕ್ಕಳು ತಿಂಗಳಿಗೆ ಇಷ್ಟೆಂದು ಕಳಿಸುವ ಹಣವನ್ನು ಮಾತ್ರ ಸ್ವೀಕರಿಸಿದಳು. ಭಾನುವಾರ ಮಧ್ಯಾಹ್ನ ಮೊಮ್ಮಕ್ಕಳನ್ನು ಕಾಫಿಗೆ ಕರೆಯುತ್ತಿದ್ದಳು. ಮೂರು ತಿಂಗಳಿಗೊಮ್ಮೆಯೋ ಎರಡು ಸಲವೋ ಮಗನ ಮನೆಗೆ ಹೋಗಿ ಸೊಸೆಯ ಜೊತೆ ಹಣ್ಣಿನ ಮುರಬ್ಬ ಹಾಕಲು ಕೈಜೋಡಿಸುತ್ತಿದ್ದಳು. ಅಷ್ಟೇ.

ಈ ಮಗನನ್ನು ಬ್ರೆಕ್ಟ್ ಖಳನನ್ನಾಗಿ ಮಾಡಿಲ್ಲ ಎಂಬುದನ್ನು ಗಮನಿಸಬೇಕು. ದಿನಕ್ಕೆ ಐದೇ ತಾಸಿನ ಕೆಲಸ ಸಿಗುತ್ತಿದೆ, ಕೂಲಿ ಕಡಿಮೆ, ಉಬ್ಬಸ ಮತ್ತೆ ಕಾಡುತ್ತಿದೆ, ಊರ ಮುಖ್ಯಬೀದಿಯಲ್ಲಿ ಅಪ್ಪನ ಮನೆ ಖಾಲಿ ಬಿದ್ದಿದೆ. ಅವನ ಕಷ್ಟ ನಿಜವಾದದ್ದು. ಮನೆತನದ ಮಾನ ಹೋಯಿತೆಂದು ಅವನು ಕೂಗಿದಾಗಲೆಲ್ಲ ಆ ಕೂಗಿನ ತಳದಲ್ಲಿ ಈ ಮೂರು ಕೋಣೆಗಳ ಇಕ್ಕಟ್ಟು ಕೇಳಿಸುತ್ತದೆ.

ಎರಡನೆಯ ದೂರು ಸಹವಾಸದ್ದು. ಕತೆಯ ಜೀವಾಳವೇ ಇದು. ಅಜ್ಜಿ ನೆರೆಹೊರೆಯ ಗೌರವಸ್ಥ ಹೆಂಗಸರ ಕಾಫಿ ಕೂಟಗಳಿಗೆ ಹೋಗುವುದಿಲ್ಲ. ಅವಳು ಹೋಗುವುದು ಬಡವರ ಗಲ್ಲಿಯೊಂದರಲ್ಲಿ ಬೂಟು ಹೊಲಿಯುವವನ ಅಂಗಡಿಗೆ. ಮಧ್ಯಾಹ್ನದ ಹೊತ್ತು ಅಲ್ಲಿ ಕೆಲಸ ಕಳೆದುಕೊಂಡ ಹೋಟೆಲಿನ ಹುಡುಗಿಯರು, ಊರೂರು ತಿರುಗುವ ಕುಶಲಕರ್ಮಿಗಳು ಸೇರಿರುತ್ತಾರೆ. ಅಂಗಡಿಯವನು ನಡುವಯಸ್ಸಿನವನು, ಲೋಕವೆಲ್ಲ ಸುತ್ತಿ ಬಂದರೂ ಎಲ್ಲೂ ನೆಲೆಯೂರದವನು. ಕುಡಿಯುತ್ತಾನೆಂಬ ಮಾತೂ ಇದೆ. ಸಾಲದ್ದಕ್ಕೆ ಸೋಶಿಯಲ್ ಡೆಮಾಕ್ರಟ್. ಕತೆ ನಡೆಯುವುದು 1910ರ ಆಸುಪಾಸಿನಲ್ಲಿ. ಆ ಪಕ್ಷದ ಚಟುವಟಿಕೆಗಳನ್ನು ಬಿಸ್ಮಾರ್ಕ್ 1878ರಿಂದ 1890ರವರೆಗೆ ಕಾಯ್ದೆ ಮಾಡಿ ತಡೆದಿದ್ದ. ಕಾಯ್ದೆ ಹೋಗಿದ್ದರೂ ಸಣ್ಣ ಊರುಗಳ ಮರ್ಯಾದಸ್ಥರಿಗೆ ಆ ಹೆಸರು ಇನ್ನೂ ಕಿವಿಗೆ ಕಹಿ. ಇಂಥವನ ಜೊತೆ ನಿನಗೇನು ಕೆಲಸ ಎಂದು ಮಗ ಕೇಳಿದ್ದಕ್ಕೆ ತಾಯಿ ತಣ್ಣಗೆ ಹೇಳುವುದಿಷ್ಟೇ: ಅವನು ಪ್ರಪಂಚ ಕಂಡವನು. ಮುಂದೆ ಮಾತಿಲ್ಲ.

ಇವರಿಬ್ಬರ ನಡುವೆ ಪ್ರೇಮವಿತ್ತೇ? ಕತೆ ಒಂದು ಮಾತನ್ನೂ ಆಡುವುದಿಲ್ಲ. ಅಜ್ಜಿ ತನ್ನದೇ ಆದ ಕೆಂಪು ವೈನ್ ಬಾಟಲಿಯೊಂದನ್ನು ಆ ಅಂಗಡಿಯಲ್ಲಿ ಇಟ್ಟಿರುತ್ತಾಳೆ. ಒಂದು ಲೋಟ ಹೀರುತ್ತ, ಉಳಿದವರು ಕತೆ ಹೇಳುವುದನ್ನೂ ಊರಿನ ದೊಡ್ಡ ಮನುಷ್ಯರನ್ನು ಬಯ್ಯುವುದನ್ನೂ ಕೇಳುತ್ತ ಕೂರುತ್ತಾಳೆ. ಆರು ದಶಕ ಒಲೆಯ ಮುಂದೆ ನಿಂತವಳಿಗೆ ಬೇಕಾಗಿದ್ದ ಜೊತೆ ಇಂಥದು: ಯಾರೂ ಅವಳಿಂದ ಊಟ ನಿರೀಕ್ಷಿಸದ, ಲೋಕದ ಸುದ್ದಿ ಕಿವಿಗೆ ಬೀಳುವ ಒಂದು ಜಾಗ.

ಇನ್ನೊಬ್ಬ ಜೊತೆಗಾತಿಯೂ ಇದ್ದಾಳೆ. ಅಜ್ಜಿ ದಿನ ಬಿಟ್ಟು ದಿನ ಊಟಕ್ಕೆ ಹೋಗುವ ಹೋಟೆಲಿನ ಅಡುಗೆಮನೆಯ ಹುಡುಗಿ. ಬುದ್ಧಿ ಮಂದ ಎಂದು ಚಿಕ್ಕಪ್ಪ ಬರೆಯುತ್ತಾನೆ, ಅದಕ್ಕಿಂತ ಕಟುವಾದ ಶಬ್ದದಿಂದಲೂ ಕರೆಯುತ್ತಾನೆ. ಅಜ್ಜಿ ಅವಳನ್ನು ಸಿನಿಮಾಕ್ಕೆ ಕರೆದೊಯ್ಯುತ್ತಾಳೆ, ರೈಲಿನಲ್ಲಿ ಎರಡು ತಾಸು ದೂರದ ಪಟ್ಟಣಕ್ಕೆ ಕುದುರೆ ರೇಸ್ ನೋಡಲು ಕರೆದೊಯ್ಯುತ್ತಾಳೆ. ಅಡುಗೆಮನೆಯಲ್ಲಿ ಕೂತು ಇಬ್ಬರೂ ಇಸ್ಪೀಟು ಆಡುತ್ತಾರಂತೆ. ಕೊನೆಗೆ ಗುಲಾಬಿ ಹೂಗಳಿರುವ ಒಂದು ಟೋಪಿಯನ್ನೂ ಕೊಡಿಸುತ್ತಾಳೆ.

ಈ ಟೋಪಿ ಚಿಕ್ಕಪ್ಪನ ಸಹನೆಯನ್ನು ಮುರಿಯುತ್ತದೆ. ಅವನ ಮಗಳು ಆನ್ನಾಳಿಗೆ ಚರ್ಚಿನ ಮೊದಲ ಪ್ರಸಾದ ಸ್ವೀಕಾರಕ್ಕೆ ಬಟ್ಟೆ ಇಲ್ಲ. ಕ್ರೈಸ್ತ ಮನೆಗಳಲ್ಲಿ ಅದು ಮಗುವಿನ ಬಾಳಿನ ದೊಡ್ಡ ದಿನ, ಹೊಸ ಉಡುಪು ತೊಟ್ಟು ಊರೆದುರು ನಡೆಯುವ ದಿನ. ಸ್ವಂತ ಮೊಮ್ಮಗಳಿಗಿಲ್ಲದ್ದು ಹೋಟೆಲಿನ ಹುಡುಗಿಗೆ! ಕತೆಯ ಜಗಳವೆಲ್ಲ ಒಂದು ಟೋಪಿ ಮತ್ತು ಒಂದು ಲಂಗದ ನಡುವೆ ಬಂದು ನಿಲ್ಲುತ್ತದೆ, ಓದುಗನಿಗೂ ಇಲ್ಲಿ ಯಾರ ಪಕ್ಷ ವಹಿಸಬೇಕೆಂದು ಸುಲಭಕ್ಕೆ ಹೊಳೆಯುವುದಿಲ್ಲ.

ಮೂರನೆಯದು ದುಡ್ಡು. ಮೊಮ್ಮಗ ಇಲ್ಲಿ ಮಧ್ಯೆ ಬಂದು ಲೆಕ್ಕ ಸರಿಮಾಡುತ್ತಾನೆ. ಅಜ್ಜಿ ಮೋಜಿನಲ್ಲಿ ಮುಳುಗಿದ್ದಾಳೆಂದು ಹೋಟೆಲಿನವನು ಕಣ್ಣು ಮಿಟುಕಿಸಿ ಹೇಳುತ್ತಾನೆ ನಿಜ. ಆದರೆ ಹೊರಗೆ ಉಣ್ಣದ ದಿನಗಳಲ್ಲಿ ಅವಳ ಆಹಾರ ಒಂದಿಷ್ಟು ಮೊಟ್ಟೆ, ಕಾಫಿ, ಇಷ್ಟದ ರಸ್ಕು. ವೈನ್ ಅಗ್ಗದ್ದು, ಊಟಕ್ಕೊಂದು ಸಣ್ಣ ಲೋಟ. ಮನೆಯನ್ನು ತಾನು ಬಳಸದ ಕೋಣೆಗಳೂ ಸೇರಿದಂತೆ ಲಕಲಕ ಇಟ್ಟಿದ್ದಳು. ಹಾಗೆಂದು ಅಜ್ಜಿಯನ್ನು ಬ್ರೆಕ್ಟ್ ದೇವತೆಯಾಗಿಸುವುದೂ ಇಲ್ಲ. ಮಕ್ಕಳಿಗೆ ತಿಳಿಸದೆ ಅವಳು ಮನೆಯನ್ನು ಅಡವಿಟ್ಟು ಸಾಲ ತೆಗೆದಿದ್ದಳು. ಆ ಹಣ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಅವಳು ಸತ್ತ ಮೇಲೆ ಬೂಟಿನವನು ಬೇರೆ ಊರಿಗೆ ಹೋಗಿ, ಅಳತೆ ತೆಗೆದು ಬೂಟು ಹೊಲಿಯುವ ದೊಡ್ಡ ಅಂಗಡಿ ತೆರೆದನಂತೆ. ಕತೆ ಅದನ್ನು ಅಲ್ಲಿಗೇ ಬಿಡುತ್ತದೆ.

ವೈದ್ಯರಿಗೆ ತೋರಿಸಬೇಕು ಎಂದು ಚಿಕ್ಕಪ್ಪ ಗಾಬರಿಪಟ್ಟಾಗ ಅದನ್ನು ತಡೆದವನು ಕತೆಗಾರನ ಅಪ್ಪ. ಅವನು ಕೆಲಸದ ನೆಪದಲ್ಲಿ ಬಂದು ತಾಯಿಯನ್ನು ನೋಡಿ ಹೋಗಿದ್ದ. ಹೊರಗೆ ಹೊರಟಿದ್ದವಳು ಟೋಪಿ ತೆಗೆದಿಟ್ಟು ಮಗನಿಗೆ ವೈನ್ ಮತ್ತು ರಸ್ಕು ಕೊಟ್ಟಳು, ಮಕ್ಕಳಿಗೆ ಚೆರ್ರಿ ಹಣ್ಣು ಸಿಗುತ್ತಿದೆಯೇ ಎಂದು ವಿಚಾರಿಸಿದಳು. ಉಳಿದುಕೋ ಎಂದು ಬಾಯಿಮಾತಿಗೂ ಹೇಳಲಿಲ್ಲ. ಗಂಡನ ಸಮಾಧಿಗೆ ಜೊತೆಗೆ ಬರಲೂ ಇಲ್ಲ. ಎಷ್ಟನೆಯ ಸಾಲು, ಎಷ್ಟನೆಯ ಸಮಾಧಿ ಎಂಬ ಗುರುತು ಹೇಳಿ, ತನಗೆ ಬೇರೆಡೆ ಹೋಗುವುದಿದೆ ಎಂದಳು. ಆ ಮಗನಿಗೆ ಬೇಸರವಾಗಿರಬಹುದು, ಆದರೂ ತಾಯಿ ಗೆಲುವಾಗಿದ್ದಾಳೆ, ಅವಳ ಇಷ್ಟದಂತೆ ಇರಲಿ ಬಿಡು ಎಂದು ತಮ್ಮನಿಗೆ ಹೇಳಿದ. ಅವನಿಗೆ ಆ ಮನೆಯ ಅಗತ್ಯ ಇರಲಿಲ್ಲ ಎಂಬುದೂ ಇಲ್ಲಿ ನೆನಪಿಡಬೇಕಾದ ಸಂಗತಿ.

ಕನ್ನಡ ಓದುಗರಿಗೆ ವಿಧವೆಯ ಕತೆ ಹೊಸದಲ್ಲ. 1899ರ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಿಂದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನವರೆಗೆ ಅದು ಬಹುಮಟ್ಟಿಗೆ ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರ ಕತೆ. ಅಲ್ಲಿ ಮುಂದಿನ ಬಾಳಿನ ಪ್ರಶ್ನೆ ಎದ್ದು ಕಾಣುತ್ತದೆ. ಸಂಸಾರ ಮುಗಿಸಿ ಮೊಮ್ಮಕ್ಕಳನ್ನು ಕಂಡವಳಿಗೂ ಮುಂದಿನ ಬಾಳು ಎಂಬುದಿದೆಯೇ ಎಂಬುದು ಬ್ರೆಕ್ಟ್‌ನ ಪ್ರಶ್ನೆ. ಅವನ ಲೆಕ್ಕದಲ್ಲಿ ಈ ಅಜ್ಜಿ ಬಾಳಿದ್ದು ಎರಡು ಬಾಳು. ಮಗಳು, ಹೆಂಡತಿ, ತಾಯಿಯಾಗಿ ಸುಮಾರು ಆರು ದಶಕ. ಯಾರ ಹಂಗೂ ಇಲ್ಲದ ಶ್ರೀಮತಿ ಬಿ. ಆಗಿ ಎರಡೇ ವರ್ಷ.

1965ರಲ್ಲಿ ಫ್ರೆಂಚ್ ನಿರ್ದೇಶಕ ರೆನೆ ಅಲಿಯೊ ಇದನ್ನು ಸಿನಿಮಾ ಮಾಡಿದ. ಕತೆಯನ್ನು ತನ್ನ ಕಾಲದ ಮಾರ್ಸೇಲ್ ನಗರಕ್ಕೆ ತಂದ. ಅಜ್ಜಿಯಾಗಿ ನಟಿಸಿದ ಸಿಲ್ವಿ ಹುಟ್ಟಿದ್ದು 1883ರಲ್ಲಿ, ಅಂದರೆ ಚಿತ್ರ ತೆರೆಕಂಡಾಗ ಅವರಿಗೆ ಎಂಬತ್ತು ದಾಟಿತ್ತು. ಈ ಪಾತ್ರಕ್ಕಾಗಿ ಅಮೆರಿಕದ ವಿಮರ್ಶಕರ ರಾಷ್ಟ್ರೀಯ ಸಂಘ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟಿತು.

ಕತೆಯಲ್ಲಿ ಅಜ್ಜಿಯ ಕೊನೆಯ ತಿಂಗಳುಗಳು ಇನ್ನೂ ಸ್ವಚ್ಛಂದ. ಬೇಸಿಗೆಯಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಎದ್ದು, ಯಾರೂ ಇಲ್ಲದ ಬೀದಿಗಳಲ್ಲಿ ಒಬ್ಬಳೇ ನಡೆಯುತ್ತಿದ್ದಳು. ಒಂಟಿಯಾಗಿದ್ದಾಳೆಂದು ಮಾತಾಡಿಸಲು ಬಂದ ಪಾದ್ರಿಯನ್ನೇ ಸಿನಿಮಾಕ್ಕೆ ಕರೆದಳಂತೆ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಶರತ್ಕಾಲದ ಒಂದು ಮಧ್ಯಾಹ್ನ, ಹಾಸಿಗೆ ಹಿಡಿಯದೆ, ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ ಕೂತಂತೆಯೇ ಪ್ರಾಣ ಬಿಟ್ಟಳು. ದೂರದ ಮಕ್ಕಳಿಗೆ ಕಳಿಸಲೆಂದು ಶವದ ಫೋಟೊ ತೆಗೆಸಲಾಯಿತು. ಪ್ರಾಣ ಹೋಗುವಾಗ ಪಕ್ಕದಲ್ಲಿ ಇದ್ದವಳು ಹೋಟೆಲಿನ ಆ ಹುಡುಗಿ. ಆ ಸಂಜೆ ಇಬ್ಬರೂ ಸಿನಿಮಾಕ್ಕೆ ಹೋಗುವವರಿದ್ದರು.